ಮೂವರೂ ಏಳನೇ ಮನೆಯನ್ನೇ ನೋಡಿದಾಗ

ಎಲ್ಲರಿಗೂ ನಮಸ್ಕಾರ.

ಎಲ್ಲ ಗ್ರಹಗಳೂ ತಾವು ಕೂತ ಮನೆಯಿಂದ ಏಳನೆಯದನ್ನು ಪೂರ್ತಿಯಾಗಿ ನೋಡುತ್ತವೆ. ಇದು ನಿಮಗೆ ಗೊತ್ತು. ಕುಜ, ಗುರು, ಶನಿಗೆ ಇದರ ಜೊತೆಗೆ ಇನ್ನೂ ಎರಡೆರಡು ದೃಷ್ಟಿಗಳಿವೆ. ಕುಜನಿಗೆ 4 ಮತ್ತು 8, ಗುರುವಿಗೆ 5 ಮತ್ತು 9, ಶನಿಗೆ 3 ಮತ್ತು 10. ಬೇರೆ ಗ್ರಹಗಳೂ ಆ ಮನೆಗಳನ್ನು ನೋಡುತ್ತವೆ, ಆದರೆ ಕಾಲು, ಅರ್ಧ, ಮುಕ್ಕಾಲು ಅಂತ ಅಳತೆಯಲ್ಲಿ. ಈ ಮೂವರಿಗೆ ಮಾತ್ರ ಅವರವರ ಮನೆಗಳ ಮೇಲೆ ಪೂರ್ಣ ದೃಷ್ಟಿ.

ಹೊಸಬರು ಎಡವೋದು ಎಣಿಕೆಯಲ್ಲಿ. ಗ್ರಹ ಕೂತ ಮನೆಯನ್ನೇ ಒಂದು ಅಂತ ಹಿಡಿಯಬೇಕು, ಪಕ್ಕದ ಮನೆಯನ್ನಲ್ಲ. ಅನುಮಾನ ಬಂದರೆ ಮೊದಲು ಏಳನೆಯದನ್ನು ಎಣಿಸಿ ನೋಡಿ. ಅದು ಸರಿಯಾಗಿ ಎದುರಿನ ರಾಶಿಗೆ ಬರಬೇಕು. ಬರದಿದ್ದರೆ ಉಳಿದ ಲೆಕ್ಕವೆಲ್ಲ ತಪ್ಪು.

ಈಗ ಒಂದು ಕುಂಡಲಿ ಹಾಕೋಣ. ಯಾರದೋ ಜಾತಕ ಬೇಡ, ಸುಮ್ನೆ ಒಂದು ಸಮಯ ತೆಗೆದುಕೊಳ್ಳೋಣ. 1989ರ ಡಿಸೆಂಬರ್ 25, ರಾತ್ರಿ ಹತ್ತೂವರೆ, ಬೆಂಗಳೂರು. ಸಿಂಹ ಲಗ್ನ. ಕುಜ ವೃಶ್ಚಿಕದಲ್ಲಿ, ಅಂದರೆ ನಾಲ್ಕನೇ ಮನೆಯಲ್ಲಿ. ಶನಿ ಧನುವಿನಲ್ಲಿ, ಐದರಲ್ಲಿ. ವಕ್ರಿಯಾದ ಗುರು ಮಿಥುನದಲ್ಲಿ, ಹನ್ನೊಂದರಲ್ಲಿ.

ಎಣಿಸಿ ನೋಡಿ. ವೃಶ್ಚಿಕದಿಂದ ನಾಲ್ಕನೆಯದು ಕುಂಭ. ಧನುವಿನಿಂದ ಮೂರನೆಯದು ಕುಂಭ. ಮಿಥುನದಿಂದ ಒಂಬತ್ತನೆಯದೂ ಕುಂಭವೇ. ಸಿಂಹ ಲಗ್ನಕ್ಕೆ ಕುಂಭ ಏಳನೇ ಮನೆ, ಮದುವೆಯ ಮನೆ. ಮೂವರೂ ತಮ್ಮ ವಿಶೇಷ ದೃಷ್ಟಿಯಿಂದ ಅದೊಂದೇ ಮನೆಯನ್ನು ನೋಡುತ್ತಿದ್ದಾರೆ. ಸಾಮಾನ್ಯ ಏಳನೇ ದೃಷ್ಟಿಯನ್ನಷ್ಟೇ ನೋಡಿದವರಿಗೆ ಈ ಮನೆ ಖಾಲಿಯಾಗಿ ಕಾಣುತ್ತದೆ!

ಮೊದಲು ಕುಜ. ನಾಲ್ಕರ ಕುಜ ಅಂದ ಕೂಡಲೇ ಕುಜದೋಷ ಅಂತ ಹುಡುಗಿಯ ಮನೆಯವರು ಜಾತಕ ವಾಪಸ್ ಕಳಿಸುತ್ತಾರೆ. ದೋಷದ ಪಟ್ಟಿಯಲ್ಲಿ ನಾಲ್ಕು ಯಾಕಿದೆ ಅಂತ ಕೇಳುವವರು ಕಡಿಮೆ. ಅಲ್ಲಿಂದ ನಾಲ್ಕನೇ ದೃಷ್ಟಿ ಏಳಕ್ಕೆ ಬೀಳುತ್ತದೆ. ಹನ್ನೆರಡರಿಂದ ಎಂಟನೇ ದೃಷ್ಟಿ, ಲಗ್ನದಿಂದ ಏಳನೇ ದೃಷ್ಟಿ, ಅವೂ ಅಲ್ಲಿಗೇ ಬೀಳುತ್ತವೆ. ಹಾಗಾಗಿ ಪಟ್ಟಿಯ ಅರ್ಧಕ್ಕಿಂತ ಜಾಸ್ತಿ ದೃಷ್ಟಿಯ ಲೆಕ್ಕವೇ. ಕುಜನ ದೃಷ್ಟಿ ಬಿದ್ದ ಕಡೆ ಆತುರ, ಹಟ, ಮಾತಿಗೆ ಮಾತು ಅಂತ ಹೇಳುತ್ತಾರೆ. ಆದರೆ ಇಲ್ಲಿ ಅವನು ಸ್ವಂತ ಮನೆಯಲ್ಲಿದ್ದಾನೆ, ಸಿಂಹ ಲಗ್ನಕ್ಕೆ ಯೋಗಕಾರಕ ಬೇರೆ. ನಾನಾದರೆ ಇದನ್ನು ದೋಷ ಅನ್ನುವುದಿಲ್ಲ, ಬಿಸಿ ಅನ್ನುತ್ತೇನೆ.

ಶನಿಯದ್ದು ಬೇರೆ ಕಥೆ. ಅವನ ದೃಷ್ಟಿ ಬಿದ್ದ ಮನೆಯ ಫಲ ತಡವಾಗುತ್ತದೆ, ಒಣಗುತ್ತದೆ ಅನ್ನುವುದು ಸಾಮಾನ್ಯ ಮಾತು. ಆದರೆ ಕುಂಭ ಅವನದೇ ಮನೆ. ಒಡೆಯ ತನ್ನ ಮನೆಯನ್ನು ತಾನೇ ನೋಡಿದರೆ ಆ ಮನೆಗೆ ಬಲ. ತಡ ಆಗಬಹುದು, ತಪ್ಪಿಹೋಗುವುದಿಲ್ಲ. ಒಂದು ಕೊರತೆ ಇದೆ. ಆ ದಿನ ರವಿಯೂ ಧನುವಿನಲ್ಲೇ ಇದ್ದಾನೆ, ಶನಿಗೆ ಸುಮಾರು ಹನ್ನೊಂದು ಭಾಗೆ ದೂರದಲ್ಲಿ. ಹಾಗಾಗಿ ಶನಿ ಅಸ್ತ. ನೋಡುವವನೇ ಸೊರಗಿದ್ದರೆ ನೋಟಕ್ಕೂ ಅಷ್ಟೇ ಬಲ.

ಇದನ್ನು ಸರಿಮಾಡುವವನು ಗುರು. ಒಂಬತ್ತನೇ ದೃಷ್ಟಿಯಿಂದ ಕುಂಭವನ್ನು ನೋಡುತ್ತಾನೆ, ಏಳನೆಯದರಿಂದ ಧನುವಿನ ಶನಿಯನ್ನೂ ನೋಡುತ್ತಾನೆ. ಮನೆಗೂ ಒಡೆಯನಿಗೂ ಗುರುದೃಷ್ಟಿ ಇದೆ. ಇಲ್ಲಿ ಭಾಗೆಯನ್ನೂ ಗಮನಿಸಬೇಕು. ಕುಜ, ಗುರು ಇಬ್ಬರೂ ತಮ್ಮ ರಾಶಿಯ ಹನ್ನೊಂದು ಹನ್ನೆರಡನೇ ಭಾಗೆಯ ಹತ್ತಿರ ಇದ್ದಾರೆ. ಶನಿ ಮಾತ್ರ ಇಪ್ಪತ್ತೊಂದರ ಸುಮಾರಿಗೆ. ಕುಂಭದಲ್ಲಿ ಕುಜನ ನೋಟ ಬಿದ್ದ ಜಾಗದಲ್ಲೇ ಗುರುವಿನ ನೋಟವೂ ಬೀಳುತ್ತದೆ. ಹಾಗಾಗಿ ಗುರು ಹೆಚ್ಚು ತಣಿಸುವುದು ಕುಜನನ್ನು, ಶನಿಯನ್ನಲ್ಲ.

ಇಷ್ಟಕ್ಕೇ ‘ಮದುವೆ ಚೆನ್ನಾಗಿದೆ’ ಅಂತ ಬರೆದುಕೊಟ್ಟುಬಿಡಬೇಡಿ. ಮದುವೆಯ ಕಾರಕ ಶುಕ್ರ ಎಲ್ಲಿ? ಮಕರದಲ್ಲಿ, ಆರನೇ ಮನೆಯಲ್ಲಿ, ರಾಹುವಿನ ಜೊತೆ. ಈ ಮೂವರಲ್ಲಿ ಒಬ್ಬರ ಪೂರ್ಣ ದೃಷ್ಟಿಯೂ ಅಲ್ಲಿಗೆ ಬೀಳುವುದಿಲ್ಲ. ವೃಶ್ಚಿಕದಿಂದ ಮಕರ ಮೂರನೆಯದು, ಧನುವಿನಿಂದ ಎರಡನೆಯದು, ಮಿಥುನದಿಂದ ಎಂಟನೆಯದು. ಮನೆಯನ್ನು ಮೂವರು ಕಾಯುತ್ತಿದ್ದರೂ ಕಾರಕನನ್ನು ಕೇಳುವವರಿಲ್ಲ. ಮದುವೆ ಆಗುವುದು ಬೇರೆ, ಅದರಲ್ಲಿ ಸುಖ ಬೇರೆ ಅಲ್ವಾ? ಹಾಗಾಗಿ ನಾನು ಇವೆರಡನ್ನೂ ಬೇರೆ ಬೇರೆಯಾಗಿಯೇ ಹೇಳುತ್ತೇನೆ.

ಇನ್ನು ಯಾವಾಗ ಅನ್ನುವ ಪ್ರಶ್ನೆ. ದೃಷ್ಟಿ ಹುಟ್ಟಿನಿಂದಲೇ ಇರುತ್ತದೆ, ಫಲ ಕೊಡುವುದು ಆ ಗ್ರಹದ ದಶೆ, ಭುಕ್ತಿ ಬಂದಾಗ. ಈ ಕುಂಡಲಿಯಲ್ಲಿ ಚಂದ್ರ ಅನುರಾಧಾ ನಕ್ಷತ್ರದಲ್ಲಿದ್ದಾನೆ. ಹಾಗಾಗಿ ಹುಟ್ಟುವಾಗ ಶನಿ ದಶೆ. ಆಮೇಲೆ ಹದಿನೇಳು ವರ್ಷ ಬುಧ ದಶೆ. ಅದರ ಕೊನೆಯ ಎರಡು ಭುಕ್ತಿಗಳು ಗುರು ಮತ್ತು ಶನಿ. ಗುರು ಭುಕ್ತಿಯಲ್ಲಿ ಸಂಬಂಧ ಕೂಡಿ ಬಂದರೆ ಹಿರಿಯರು ಕೂತು ಮಾಡಿಸಿದ ಮದುವೆ. ಅಲ್ಲಿ ತಪ್ಪಿದರೆ ಶನಿ ಭುಕ್ತಿಯವರೆಗೆ, ಅಂದರೆ ಇನ್ನೂ ಎರಡೂವರೆ ವರ್ಷದಷ್ಟು ಎಳೆಯಬಹುದು. ಕುಂಡಲಿ ಬರೆದುಕೊಂಡಿದ್ದೀರಲ್ಲ, ಈಗ ಹತ್ತನೇ ಮನೆ ವೃಷಭವನ್ನು ನೋಡಿ. ಅಲ್ಲಿಗೆ ಯಾರ ದೃಷ್ಟಿ ಬಿದ್ದಿದೆ, ಹೇಳಿ.