4030ಕ್ಕೆ ಊರಿಲ್ಲ

ಎಲ್ಲರಿಗೂ ನಮಸ್ಕಾರ. ಗ್ರಾಹಕರ ದಿನದ ಸಭೆ ಇದು. ತೂಕ, ಅಳತೆ, ಕಲಬೆರಕೆ ಎಲ್ಲವನ್ನೂ ನನಗಿಂತ ಮೊದಲು ಮಾತಾಡಿದವರು ಮುಗಿಸಿಬಿಟ್ಟಿದ್ದಾರೆ. ನನ್ನ ಪಾಲಿಗೆ ಉಳಿದಿರುವುದು ಹಣ್ಣಿನ ಮೇಲೆ ಅಂಟಿಸುವ ನಂಬರಿನ ಸ್ಟಿಕ್ಕರ್. ಹನ್ನೊಂದು ವರ್ಷ ಹಣ್ಣಿನ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತವನು ನಾನು, ಅದರ ಬಗ್ಗೆ ಯಾರಾದರೂ ತಪ್ಪು ಹೇಳಿದರೆ ಸುಮ್ಮನಿರಲು ಆಗುವುದಿಲ್ಲ.

ತಪ್ಪು ಹೇಳಿದ್ದು ನಮ್ಮ ಭಾವನೇ. ದಾವಣಗೆರೆಯವರು. ಹೋದ ವಾರ ಮನೆಗೆ ಬರುವಾಗ ಆರು ಕಿವಿ ಹಣ್ಣು ತಂದರು. ಚಹಾ ಇನ್ನೂ ಕೈಗೆ ಬಂದಿಲ್ಲ, ಹಣ್ಣು ಎತ್ತಿ ತೋರಿಸಿದರು: “ನೋಡಪ್ಪಾ, 4030. ನಾಲ್ಕರಿಂದ ಶುರುವಾದರೆ ಅಮೆರಿಕಾದ್ದು.” ಮೊಬೈಲಿನಲ್ಲಿ ಯಾರೋ ಕಳಿಸಿದ ಪಟ್ಟಿಯೂ ಇತ್ತು. ಭಾವನ ಎದುರು ವಾದ ಮಾಡುವ ಹಾಗಿಲ್ಲ, ಅಕ್ಕ ಅಲ್ಲೇ ನಿಂತಿದ್ದಳು. “ಕನ್ನಡಕ ಹಾಕ್ಕೊಂಡು ನಂಬರಿನ ಕೆಳಗೆ ಓದಿ ಭಾವ” ಅಂದೆ, ಅಷ್ಟೇ. ನಾಲ್ಕು ಹಣ್ಣಿನ ಮೇಲೆ ‘ಪ್ರಾಡ್ಯೂಸ್ ಆಫ್ ಇಟಲಿ’. ಒಂದರ ಮೇಲೆ ಗ್ರೀಸ್. ಇನ್ನೊಂದರ ಮೇಲೆ ಬ್ರ್ಯಾಂಡ್ ಹೆಸರು ಮತ್ತು ನಂಬರು ಮಾತ್ರ, ದೇಶವೇ ಇಲ್ಲ. ಆದರೆ ಆರಕ್ಕೆ ಆರೂ 4030! ಭಾವ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. ಅಷ್ಟು ಹೊತ್ತಿಗೆ ಅಕ್ಕ ಎರಡು ಹಣ್ಣು ಹೆಚ್ಚಿಯೂ ಬಿಟ್ಟಿದ್ದಳು.

ಯಾಕೆ ಹೀಗೆ? ಆ ನಂಬರು ಹುಟ್ಟಿದ್ದು ಕ್ಯಾಷಿಯರಿಗಾಗಿ, ನಮಗಾಗಿ ಅಲ್ಲ. ಬಿಸ್ಕತ್ತಿನ ಪೊಟ್ಟಣಕ್ಕೆ ಬಾರ್‌ಕೋಡ್ ಇರುತ್ತದೆ, ಬಿಡಿ ಹಣ್ಣಿಗೆ ಸಾಮಾನ್ಯವಾಗಿ ಇರುವುದಿಲ್ಲ. ಕೌಂಟರಿನಲ್ಲಿ ಕೂತವನು ಇದು ಯಾವ ಸೇಬು ಎಂದು ಯೋಚಿಸುತ್ತಾ ಕೂತರೆ ಹಿಂದೆ ಸಾಲು ಬೆಳೆಯುತ್ತದೆ. ಅದಕ್ಕೇ 1990ರಲ್ಲಿ ಅಮೆರಿಕಾದ ಅಂಗಡಿಗಳಲ್ಲಿ ಈ ಪಿಎಲ್‌ಯು, ಅಂದರೆ ಬೆಲೆ ಹುಡುಕುವ ನಂಬರು ಬಂತು. ನಂಬರು ಒತ್ತಿದರೆ ಆ ಅಂಗಡಿ ತನ್ನ ಯಂತ್ರದಲ್ಲಿ ಇಟ್ಟುಕೊಂಡ ಬೆಲೆ ಬರುತ್ತದೆ. ನಂಬರು ಬದಲಾಗುವುದು ಹಣ್ಣು, ತಳಿ, ಗಾತ್ರ ನೋಡಿ. ಹಾಸ್ ತಳಿಯ ಬೆಣ್ಣೆಹಣ್ಣು ಸಣ್ಣದಾದರೆ 4046, ದೊಡ್ಡದಾದರೆ 4225. ಅದು ಮೆಕ್ಸಿಕೋದಲ್ಲಿ ಬೆಳೆಯಲಿ, ಪೆರುವಿನಲ್ಲಿ ಬೆಳೆಯಲಿ, ನಂಬರು ಅದೇ.

ನಾಲ್ಕಂಕಿಯ ಈ ನಂಬರುಗಳು 3000ದಿಂದ 4999ರ ಒಳಗೆ ಇವೆ. ಒಟ್ಟು ಎರಡು ಸಾವಿರ ಜಾಗ. ಅದರಲ್ಲಿ ಮೊದಲ ಅಂಕಿಗೆ ಒಂದು ಅರ್ಥ, ಎರಡನೆಯದಕ್ಕೆ ಇನ್ನೊಂದು ಅರ್ಥ ಅಂತ ಏನೂ ಇಲ್ಲ. ಸಿನಿಮಾ ಟಿಕೆಟ್ಟಿನ ಸೀಟ್ ನಂಬರಿನ ಹಾಗೆ ಖಾಲಿ ಇದ್ದದ್ದನ್ನು ಕೊಟ್ಟಿದ್ದಾರೆ. ಒಂದೊಂದು ಹಣ್ಣಿಗೂ ಒಂದೊಂದು ದೇಶಕ್ಕೆ ಬೇರೆ ನಂಬರು ಕೊಡಲು ಹೊರಟರೆ ನೂರು ಬಗೆ, ಇಪ್ಪತ್ತು ದೇಶಕ್ಕೇ ಜಾಗ ಮುಗಿಯಿತು. ಕ್ಯಾಷಿಯರ್ ಅಂತೂ ಕೆಲಸ ಬಿಟ್ಟು ಊರಿಗೆ ಹೋಗುತ್ತಾನೆ. ಕಿವಿ ಹಣ್ಣನ್ನೇ ನೋಡಿ: ನ್ಯೂಜಿಲೆಂಡಿನಲ್ಲಿ ಕೊಯ್ಲು ಮಾರ್ಚಿನ ಹೊತ್ತಿಗೆ ಶುರು, ಇಟಲಿಯಲ್ಲಿ ಅಕ್ಟೋಬರ್–ನವೆಂಬರ್. ವರ್ಷದೊಳಗೆ ಒಂದೇ ಬುಟ್ಟಿಗೆ ಎರಡು ದೇಶದ ಹಣ್ಣು ಬರುತ್ತದೆ. ಕೌಂಟರಿನವನಿಗೆ ಅದು ಕಿವಿ ಹಣ್ಣು, ಅಷ್ಟೇ.

ಬ್ರ್ಯಾಂಡ್ ನೋಡಿ ದೇಶ ಊಹಿಸುವುದೂ ಬೇಡ. ಜೆಸ್ಪ್ರಿ ನ್ಯೂಜಿಲೆಂಡಿನ ಕಂಪನಿ, ಆದರೆ ಅದೇ ಹೆಸರಿನ ಹಣ್ಣನ್ನು ಇಟಲಿಯ ತೋಟಗಳಲ್ಲೂ ಬೆಳೆಸುತ್ತಾರೆ. ಓದಬೇಕಾದದ್ದು ‘ಪ್ರಾಡಕ್ಟ್ ಆಫ್’, ‘ಪ್ರಾಡ್ಯೂಸ್ ಆಫ್’ ಅಥವಾ ‘ಗ್ರೋನ್ ಇನ್’ ಆದ ಮೇಲೆ ಬರುವ ಹೆಸರು. ‘ಪ್ಯಾಕ್ಡ್ ಇನ್’ ಎಂದರೆ ಡಬ್ಬಕ್ಕೆ ತುಂಬಿದ ಜಾಗ. ‘ಇಂಪೋರ್ಟೆಡ್ ಬೈ’ ಎಂದಿದ್ದರೆ ನಮ್ಮ ದೇಶದ ಆಮದುದಾರನ ಹೆಸರು. ಇದನ್ನೇ ಹಣ್ಣಿನ ಊರು ಅಂದುಕೊಂಡು ಮುಂಬೈಯಲ್ಲಿ ಕಿವಿ ಬೆಳೆಯುತ್ತದೆ ಎಂದವರನ್ನೂ ನೋಡಿದ್ದೇನೆ.

ಇನ್ನು ಬಾರ್‌ಕೋಡಿನ ಆರಂಭದ 890. ಅದು ಭಾರತದ ಸರಕು ಎಂಬ ಗುರುತು ಅಲ್ಲ, ಕಂಪನಿ ಆ ಕೋಡನ್ನು ಬಾರ್‌ಕೋಡ್ ನಂಬರು ಹಂಚುವ ಭಾರತದ ಜಿಎಸ್1 ಸಂಸ್ಥೆಯಿಂದ ಪಡೆದಿದೆ ಎಂದಷ್ಟೇ. ಒಳಗಿನ ಹಣ್ಣು ಇರಾನಿನದೂ ಇರಬಹುದು.

ಚೀಟಿ ಬಂತು, ಎರಡೇ ನಿಮಿಷವಂತೆ. 9ರಿಂದ ಶುರುವಾಗುವ ಐದಂಕಿಯ ನಂಬರಿನ ಕಥೆ ಹೇಳಬೇಕಿತ್ತು, ಸಾವಯವದ್ದು ಅದು, 94011 ಎಂದರೆ ಸಾವಯವ ಬಾಳೆ. ಅಲ್ಲೂ ದೇಶ ಇಲ್ಲ. ಅಮೆರಿಕಾದಲ್ಲಿ 2008ರ ಸೆಪ್ಟೆಂಬರಿನಿಂದ ಅಂಗಡಿಯವರು ತಾಜಾ ಹಣ್ಣು, ತರಕಾರಿಯ ದೇಶ ತಿಳಿಸಲೇಬೇಕೆಂದು ನಿಯಮ ಬಂತು. ಆಗಲೂ ಅವರು ನಂಬರು ಮುಟ್ಟಲಿಲ್ಲ. ಬುಟ್ಟಿಯ ಮೇಲಿನ ಬೋರ್ಡಿನಲ್ಲೋ ಸ್ಟಿಕ್ಕರಿನಲ್ಲೋ ಹೆಸರು ಬರೆಯಿರಿ ಎಂದರು.

ಭಾವನ ಆರನೇ ಹಣ್ಣು ಉಳಿಯಿತಲ್ಲ, ದೇಶ ಇಲ್ಲದ್ದು. ಮರುದಿನ ಅವರೇ ಅಂಗಡಿಗೆ ಹೋಗಿ ಹಣ್ಣು ಬಂದ ರಟ್ಟಿನ ಪೆಟ್ಟಿಗೆ ತೋರಿಸಿ ಅಂದರಂತೆ. ಬಿಡಿ ಹಣ್ಣಿನ ಮೇಲೆ ಇಲ್ಲದ್ದು ಆಮದಿನ ಪೆಟ್ಟಿಗೆಯ ಚೀಟಿಯ ಮೇಲೆ ಸಾಮಾನ್ಯವಾಗಿ ಸಿಗುತ್ತದೆ. ಹುಡುಗ ಒಳಗಿಂದ ಎರಡು ಪೆಟ್ಟಿಗೆ ತಂದ. ಒಂದು ಇಟಲಿಯದು, ಒಂದು ಗ್ರೀಸಿನದು, ಎರಡೂ ಖಾಲಿ. ಆರನೆಯದು ಯಾವುದರಿಂದ ಬಂತೋ ಅವನಿಗೂ ಗೊತ್ತಿಲ್ಲ.