ಮೊದಲು ಛೇದವನ್ನು ನೋಡಿ, ಕ್ವೆರಿ ಆಮೇಲೆ

ನಮಸ್ಕಾರ. ಡೇಟಾ ಅನಾಲಿಸ್ಟ್ ಕೆಲಸದ ಸಂದರ್ಶನದಲ್ಲಿ ಮೇಜಿನ ಎರಡೂ ಬದಿಗೆ ಕುಳಿತವನು ನಾನು. ಅಲ್ಲಿ ಮತ್ತೆ ಮತ್ತೆ ಬರುವ ಒಂದು ಪ್ರಶ್ನೆಯ ಬಗ್ಗೆ ಇವತ್ತು ಮಾತನಾಡುತ್ತೇನೆ.

ಪ್ರಶ್ನೆ ಹೀಗಿರುತ್ತದೆ: "ನಮ್ಮದು ಮನೆಗೆ ದಿನಸಿ ತಲುಪಿಸುವ ಆ್ಯಪ್. ಕನ್ವರ್ಷನ್ ದರ ಶೇ 5 ಇದ್ದದ್ದು ನಿನ್ನೆ ಇದ್ದಕ್ಕಿದ್ದಂತೆ ಶೇ 4.2ಕ್ಕೆ ಇಳಿದಿದೆ. ಕಾರಣವನ್ನು ಹೇಗೆ ಹುಡುಕುತ್ತೀರಿ?"

ಹೆಚ್ಚಿನವರು ತಕ್ಷಣ ಕೊಡುವ ಉತ್ತರ: "ಸರ್, ನಗರವಾರು ನೋಡುತ್ತೇನೆ, ಫೋನ್‌ವಾರು ನೋಡುತ್ತೇನೆ, ಪಾವತಿ ವಿಧಾನದ ಪ್ರಕಾರ ನೋಡುತ್ತೇನೆ." ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಇಪ್ಪತ್ತು ನಗರ, ಎರಡು ಬಗೆಯ ಫೋನ್, ನಾಲ್ಕು ಪಾವತಿ ವಿಧಾನ ಎಂದರೆ ನೂರ ಅರವತ್ತು ತುಂಡುಗಳು. ಏನೂ ಕೆಡದ ದಿನದಲ್ಲಿಯೂ ಅವುಗಳಲ್ಲಿ ಕೆಲವು ಕೆಳಗೇ ಇರುತ್ತವೆ. ಹುಡುಕುತ್ತಾ ಹೋದವನಿಗೆ ಒಂದು "ಕಾರಣ" ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದು ನಿಜವಾದ ಕಾರಣವೇ ಎಂದು ಹೇಳಲು ಅವನ ಕೈಯಲ್ಲಿ ಅಳತೆಗೋಲಿರುವುದಿಲ್ಲ.

ನಾನು ಮೊದಲು ಕೇಳುವುದು ಇದನ್ನು: ಕನ್ವರ್ಷನ್ ಎಂದರೆ ಇಲ್ಲಿ ಯಾವುದನ್ನು ಯಾವುದರಿಂದ ಭಾಗಿಸಿದ್ದು? ಆರ್ಡರ್‌ಗಳನ್ನು ಸೆಷನ್‌ಗಳಿಂದ ಎಂದು ಸಂದರ್ಶಕರು ಹೇಳಿದರು ಎಂದಿಟ್ಟುಕೊಳ್ಳಿ. ಸೆಷನ್ ಎಂದರೆ ಒಬ್ಬರು ಒಮ್ಮೆ ಆ್ಯಪ್ ತೆರೆದು ಓಡಾಡಿ ಹೊರಟದ್ದು. ಶಾಲೆಯಲ್ಲಿ ಕಲಿತ ಅಂಶ, ಛೇದ ನೆನಪಿಗೆ ಬರಲಿ. ಭಿನ್ನರಾಶಿ ಚಿಕ್ಕದಾಗಲು ಅಂಶ ಇಳಿಯಲೇಬೇಕು ಎಂದಿಲ್ಲ, ಛೇದ ಏರಿದರೂ ಸಾಕು. ಹಾಗಾಗಿ ಎರಡನೆಯ ಪ್ರಶ್ನೆ ತಾನಾಗಿಯೇ ಬರುತ್ತದೆ: ಆರ್ಡರ್ ಎಷ್ಟು, ಸೆಷನ್ ಎಷ್ಟು, ಬಿಡಿಬಿಡಿಯಾಗಿ ಹೇಳಿ.

ಕಳೆದ ಮಂಗಳವಾರ ಒಂದು ಲಕ್ಷ ಸೆಷನ್, 5,000 ಆರ್ಡರ್. ಈ ಮಂಗಳವಾರ 1,25,000 ಸೆಷನ್, 5,250 ಆರ್ಡರ್. ಭಾಗಿಸಿ ನೋಡಿ, ಸರಿಯಾಗಿ ಶೇ 4.2. ದರ ಬಿದ್ದಿದೆ, ಆದರೆ ಆರ್ಡರ್ 250 ಹೆಚ್ಚಾಗಿದೆ! ಇದನ್ನು ಕೇಳದೆ ನಗರವಾರು ಪಟ್ಟಿ ಹಾಕಿದವನು ಇಡೀ ದಿನ ಇಲ್ಲದ ನಷ್ಟವನ್ನು ಹುಡುಕುತ್ತಿರುತ್ತಾನೆ.

ಇನ್ನೂ ಒಂದು ಹೆಜ್ಜೆ ಒಳಗೆ ಹೋಗೋಣ. ಹಳೆಯ ಗ್ರಾಹಕರು, ಹೊಸಬರು ಎಂದು ಎರಡೇ ಭಾಗ ಮಾಡಿ. ಕಳೆದ ವಾರ ಹಳಬರ 80,000 ಸೆಷನ್‌ಗಳಲ್ಲಿ ಶೇ 6 ಆರ್ಡರ್ ಆದವು, ಅಂದರೆ 4,800. ಹೊಸಬರ 20,000 ಸೆಷನ್‌ಗಳಲ್ಲಿ ಶೇ 1, ಅಂದರೆ 200. ಈ ವಾರ ಹಳಬರದು ಅದೇ 80,000, ಅದೇ ಶೇ 6. ಹೊಸಬರ ಸೆಷನ್ 45,000ಕ್ಕೆ ಏರಿದೆ, ಅವರ ದರ ಅದೇ ಶೇ 1, ಆರ್ಡರ್ 450. ಯಾರ ನಡವಳಿಕೆಯೂ ಬದಲಾಗಿಲ್ಲ. ಹಾಲಿಗೆ ನೀರು ಬೆರೆತಿದೆ, ಹಸು ಕೊಡುವ ಹಾಲು ಕಡಿಮೆಯಾಗಿಲ್ಲ. ಒಟ್ಟು ದರ ಇಳಿದಾಗ ಒಳಗಿನ ದರಗಳು ಇಳಿದವೋ, ಅಥವಾ ಮಿಶ್ರಣ ಬದಲಾಯಿತೋ ಎಂಬುದನ್ನು ಬೇರ್ಪಡಿಸಿಕೊಂಡ ಮೇಲೆಯೇ ಉಳಿದ ಮಾತು.

ಆದರೆ ಹೊಸಬರ ಸೆಷನ್ 25,000 ಏರಿದ್ದು ಹೇಗೆ? ಹೊಸ ಜಾಹೀರಾತು ಜನರನ್ನು ತಂದಿರಬಹುದು. ಅಥವಾ ಸೋಮವಾರ ರಾತ್ರಿ ಬಿಟ್ಟ ಆವೃತ್ತಿಯಲ್ಲಿ ಲಾಗಿನ್ ಆಗದವರ ಒಂದೇ ಸೆಷನ್ ಮತ್ತೆ ಮತ್ತೆ ದಾಖಲಾಗುತ್ತಿರಬಹುದು. ಒಟ್ಟು ದರ ಇಳಿದದ್ದನ್ನು ಮಾತ್ರ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಇಲ್ಲಿಯೇ ನಾನು ಪೆನ್ನು ಹಿಡಿಯುವುದು. ಪ್ರತಿಯೊಂದು ಊಹೆಯ ಎದುರು, ಅದು ನಿಜವಾಗಿದ್ದರೆ ಡೇಟಾದಲ್ಲಿ ಇನ್ನೇನು ಕಾಣಬೇಕು ಎಂದು ನೋಡುವ ಮೊದಲೇ ಬರೆದಿಡುತ್ತೇನೆ. ಜಾಹೀರಾತಾದರೆ ಹೊಸ ಬಳಕೆದಾರರ ತಲೆ ಎಣಿಕೆಯೇ ಏರಬೇಕು, ಒಬ್ಬೊಬ್ಬರಿಗೆ ಬೀಳುವ ಸೆಷನ್ ಸುಮಾರು ಹಾಗೆಯೇ ಇರಬೇಕು, ಹೊಸಬರ ಆರ್ಡರ್ ಕೂಡ ಏರಬೇಕು. ಮತ್ತೆ ಮತ್ತೆ ದಾಖಲಾದದ್ದಾದರೆ ತಲೆ ಎಣಿಕೆ ಹಾಗೆಯೇ ಇದ್ದು ತಲಾ ಸೆಷನ್ ಮಾತ್ರ ಏರಬೇಕು, ಆರ್ಡರ್ ಅಲುಗಾಡಬಾರದು, ಏರಿಕೆ ಹೊಸ ಆವೃತ್ತಿ ಹಾಕಿಕೊಂಡವರಲ್ಲಿ ಮಾತ್ರ ಇರಬೇಕು. ಹೊಸಬರ ಆರ್ಡರ್ 200ರಿಂದ 450 ಆಗಿರುವುದರಿಂದ ನಮ್ಮ ತಕ್ಕಡಿ ಈಗಾಗಲೇ ಜಾಹೀರಾತಿನ ಕಡೆ ವಾಲಿದೆ. ಇನ್ನೂ ಒಂದು ಸಾಲು ಕ್ವೆರಿ ಬರೆದಿಲ್ಲ, ಗಮನಿಸಿ.

ಯಾವ ದಿನದೊಂದಿಗೆ ಹೋಲಿಸಿದ್ದು ಎಂಬುದನ್ನೂ ಕೇಳಬೇಕು. ಮಂಗಳವಾರಕ್ಕೆ ಮಂಗಳವಾರವೇ ಜೋಡಿ. ವರ್ಷಕ್ಕೆ ವರ್ಷ ಹೋಲಿಸುವಾಗ ಇನ್ನೂ ಎಚ್ಚರ ಬೇಕು: ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂದಿತ್ತು, 2025ರಲ್ಲಿ ಮಾರ್ಚ್ 30ಕ್ಕೆ. ತಾರೀಖಿಗೆ ತಾರೀಖು ಇಟ್ಟು ನೋಡಿದರೆ 2025ರ ಏಪ್ರಿಲ್ 9ರ ಹಿಂದಿನ ದಿನಗಳಲ್ಲಿ ಬೆಲ್ಲ, ಬೇಳೆಯ ಮಾರಾಟ ಕುಸಿದಂತೆ ಕಾಣುತ್ತದೆ. ಜೊತೆಗೆ ದಿನ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆ. ಸರ್ವರ್ ಯುಟಿಸಿ ಗಡಿಯಾರದಲ್ಲಿದ್ದರೆ ಅದರ "ನಿನ್ನೆ" ಮುಗಿಯುವುದು ನಮ್ಮ ಬೆಳಗಿನ 5:30ಕ್ಕೆ. ಸೆಷನ್‌ಗಳು ಆಗಿಂದಾಗ್ಗೆ ಬಂದು ಸೇರುತ್ತಿದ್ದು, ಆರ್ಡರ್ ಪಟ್ಟಿ ಮಧ್ಯಾಹ್ನ ತುಂಬುವುದಾದರೆ, ಬೆಳಗ್ಗೆ ಕಂಡ ಕುಸಿತ ಸಂಜೆಗೆ ತಾನಾಗಿಯೇ ಮಾಯವಾಗುತ್ತದೆ.

ಈಗ ಕತೆಯನ್ನು ತಿರುಗಿಸಿ. ಸೆಷನ್ ಅದೇ ಒಂದು ಲಕ್ಷ, ಹೊಸಬರು ಹಳಬರ ಪಾಲೂ ಅದೇ, ಆರ್ಡರ್ ಮಾತ್ರ 4,200. ಇದು ನಿಜವಾದ ಇಳಿಕೆ. ಆಗ ಗ್ರಾಹಕ ನಡೆದು ಬರುವ ದಾರಿಯನ್ನು ನೋಡಬೇಕು: ಹುಡುಕಿದರು, ಬುಟ್ಟಿಗೆ ಹಾಕಿದರು, ಪಾವತಿಗೆ ಹೋದರು, ಹಣ ಕಟ್ಟಿದರು. ಯಾವ ಮೆಟ್ಟಿಲಿನಲ್ಲಿ ಜನ ಉದುರಿದರು ಎಂಬುದು ನಗರದ ಹೆಸರಿಗಿಂತ ಮೊದಲು ತಿಳಿಯಬೇಕು. ಕೊನೆಯ ಮೆಟ್ಟಿಲಾದರೆ ಗಂಟೆಗಂಟೆಯ ರೇಖೆ ತೆಗೆಯಿರಿ. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶಾದ್ಯಂತ ಯುಪಿಐ ಪಾವತಿಗೆ ಅಡಚಣೆಯಾಗಿತ್ತು. ಅಂಥ ದಿನ ಕೆಲವು ಗಂಟೆ ಹಳ್ಳ ಬಿದ್ದು ರೇಖೆ ಮತ್ತೆ ಮೇಲೇಳುತ್ತದೆ, ಕಾರ್ಡ್ ಪಾವತಿ ಕುಗ್ಗಿರುವುದಿಲ್ಲ. ನಗದು ಆರ್ಡರ್ ಏರಿದ್ದರೆ, ಯುಪಿಐ ಕಳೆದುಕೊಂಡದ್ದರಲ್ಲಿ ಒಂದಷ್ಟು ಅಲ್ಲಿಗೆ ಸರಿದಿದೆ ಎಂದರ್ಥ. ಆಗ ಯುಪಿಐ ಇಳಿಕೆಯನ್ನೇ ಒಟ್ಟು ನಷ್ಟ ಎಂದು ವರದಿ ಮಾಡಿದರೆ ತಪ್ಪಾಗುತ್ತದೆ.

ನಮ್ಮ ಮೊದಲ ಕತೆಗೆ ಬೇಕಾದ ಕ್ವೆರಿ ಈಗ ಪರದೆಯ ಮೇಲಿದೆ.

```sql
SELECT session_date_ist, user_type, app_version,
       COUNT(*) AS sessions,
       COUNT(DISTINCT device_id) AS users,
       SUM(has_order) AS orders
FROM sessions
WHERE session_date_ist IN ('2025-07-01', '2025-07-08')
GROUP BY 1, 2, 3;
```

ಎರಡೂ ತಾರೀಖು ಮಂಗಳವಾರ. `users` ಕಾಲಂ ಇರುವುದು ತಲೆ ಎಣಿಕೆಗೆ, `app_version` ಇರುವುದು ಮತ್ತೆ ಮತ್ತೆ ದಾಖಲಾದ ಅನುಮಾನಕ್ಕೆ. ಹೊಸಬರ ಸಾಲುಗಳಲ್ಲಿ ಎಲ್ಲ ಆವೃತ್ತಿಗಳನ್ನು ಕೂಡಿಸಿದಾಗ `users` ಏರಿದ್ದರೆ ಮಾರ್ಕೆಟಿಂಗ್ ತಂಡಕ್ಕೆ ಹೋಗಿ, ಬಂದ ಜನಕ್ಕೆ ಎಷ್ಟು ಖರ್ಚಾಯಿತು ಎಂದು ಕೇಳಿ. ಒಟ್ಟು `users` ನಿಂತಲ್ಲೇ ನಿಂತು, ಹೊಸ ಆವೃತ್ತಿಯಲ್ಲಿ ಮಾತ್ರ ತಲಾ `sessions` ಉಬ್ಬಿದ್ದರೆ ಆ್ಯಪ್ ಬರೆದವರ ಮೇಜಿಗೆ ಹೋಗಿ.