ಅಂಕಪಟ್ಟಿಯಲ್ಲಿ ಇದ್ದಂತೆ ಹೆಸರು

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಒಂಬತ್ತನೇ ಕ್ಲಾಸೋ ಹತ್ತನೇ ಕ್ಲಾಸೋ ಓದುವ ಮಕ್ಕಳಿದ್ದರೆ ರೇಡಿಯೊ ಸ್ವಲ್ಪ ಜೋರು ಮಾಡಿ. ನಾನು ಹೇಳೋದು ಒಂದೇ ಮಾತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ಇಂಗ್ಲಿಷಿನಲ್ಲಿ ಹೇಗಿದೆಯೋ, ಅಕ್ಷರಕ್ಕೆ ಅಕ್ಷರ ಹಾಗೇ ಎಲ್ಲ ಕಡೆ ಬರೆಸಿ.

ಕನ್ನಡದಲ್ಲಿ ಲಕ್ಷ್ಮಿ ಅಂತ ಬರೆದರೆ ಮುಗಿಯಿತು. ಇಂಗ್ಲಿಷಿನಲ್ಲಿ ಒಬ್ಬರು ಕೆ ಎಸ್ ಎಚ್ ಹಾಕುತ್ತಾರೆ, ಇನ್ನೊಬ್ಬರು ಸುಮ್ನೆ ಒಂದು ಎಕ್ಸ್ ಹಾಕುತ್ತಾರೆ. ಮಂಜುನಾಥನ ಕೊನೆಗೆ ಎ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಓದುವ ನಮಗೆ ಎರಡೂ ಒಂದೇ. ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು.

ನಾನು ಹೆಡ್‌ಮಾಸ್ಟರ್ ಆಗಿದ್ದ ಶಾಲೆಯಲ್ಲಿ ಓದಿದ ಹುಡುಗಿ ಒಬ್ಬಳು. ವಿಜಯಲಕ್ಷ್ಮಿ ಅಂತಲೇ ಇಟ್ಟುಕೊಳ್ಳೋಣ, ಅಪ್ಪ ಬಸವರಾಜು. ಅಂಕಪಟ್ಟಿಯಲ್ಲಿ ಹೆಸರೂ ಅಪ್ಪನ ಹೆಸರೂ ಪೂರ್ತಿ ಇತ್ತು, ಸರಿಯಾಗಿಯೇ ಇತ್ತು. ಆಧಾರ್ ಮಾಡಿಸುವಾಗ ಕೂತಿದ್ದವರು ಕೇಳಿಸಿದ ಹಾಗೆ ಟೈಪ್ ಮಾಡಿದರು: ವಿಜಯ ಒಂದು ಪದ, ಜಾಗ ಬಿಟ್ಟು ಲಕ್ಷ್ಮಿ ಇನ್ನೊಂದು ಪದ, ಅದರಲ್ಲೂ ಎಕ್ಸ್. ಪ್ಯಾನ್ ಕಾರ್ಡಿನಲ್ಲಿ ಬಸವರಾಜು ಬಸವರಾಜ್ ಆದರು, ಕೊನೆಯ ಯು ಹೋಯಿತು. ಕೆಲಸ ಸಿಕ್ಕಿ ದಾಖಲೆ ಪರಿಶೀಲನೆಗೆ ಹೋದಾಗ ಮೂರು ಕಾಗದ, ಮೂರು ಹೆಸರು! "ಇವರೆಲ್ಲ ನೀವೇನಾ?" ಅಂತ ಕೇಳಿದರಂತೆ. ಅಳುತ್ತಾ ನನ್ನ ಮನೆಗೆ ಬಂದಳು. "ಸಾರ್, ಅಂಕಪಟ್ಟಿಯನ್ನೇ ತಿದ್ದಿಸಿಬಿಡೋಣವಾ?" ಅಂದಳು. ಬೇಡವೇ ಬೇಡ ಅಂದೆ. ಸರಿ ಇರುವುದನ್ನು ಮುಟ್ಟಬೇಡ. ಅಂಕಪಟ್ಟಿ ತೋರಿಸಿ ಮೊದಲು ಆಧಾರ್ ತಿದ್ದಿಸಿದಳು. ಆಮೇಲೆ ಪ್ಯಾನ್, ಕೊನೆಗೆ ಬ್ಯಾಂಕ್ ಪಾಸ್‌ಬುಕ್. ಈ ಸಾಲು ತಪ್ಪಿಸಿದರೆ ಒಂದು ತಿದ್ದಿದ್ದು ಇನ್ನೊಂದಕ್ಕೆ ತಾಳೆಯಾಗದೆ ಮತ್ತೆ ಓಡಾಟ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಇರುವುದೇ 2 ಅವಕಾಶ. ಅದಕ್ಕೇ ಹೇಳುತ್ತೇನೆ, ಕೈಯಲ್ಲಿ ಅಂಕಪಟ್ಟಿ ಇಟ್ಟುಕೊಂಡೇ ಹೋಗಿ, ಬಾಯಲ್ಲಿ ಹೇಳಬೇಡಿ. ಒತ್ತುವ ಮೊದಲು ಸ್ಕ್ರೀನ್ ತಿರುಗಿಸಿ ತೋರಿಸಿ ಅನ್ನಿ. ಸಂಕೋಚ ಯಾಕೆ, ಹೆಸರು ನಿಮ್ಮದೇ ಅಲ್ವಾ?

ಸಮಯ ಆಗುತ್ತಾ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ. ಇನಿಷಿಯಲ್ ವಿಚಾರ ಬೇಗ ಹೇಳುತ್ತೇನೆ. ನಮ್ಮಲ್ಲಿ ಬಿ, ಎಚ್ ಆರ್ ಅಂತ ಹಾಕಿ ಸುಮ್ಮನಾಗುವವರೇ ಜಾಸ್ತಿ. ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರಿನ ಜಾಗಕ್ಕೆ ಬರೀ ಇನಿಷಿಯಲ್ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಶಾಲೆಯಲ್ಲೇ ಬಿಡಿಸಿ ಬರೆಸಿಬಿಡಿ.

ಅದಕ್ಕೆ ಸುಲಭದ ಕಾಲ ಯಾವುದು ಗೊತ್ತಾ? ಪರೀಕ್ಷೆಗೆ ಮುಂಚೆ. ಮಕ್ಕಳ ವಿವರ ಶಾಲೆಯಿಂದ ಮಂಡಳಿಗೆ ಹೋಗುತ್ತದೆ, ತಪ್ಪು ನೋಡಿಕೊಳ್ಳಲು ಒಂದು ಪಟ್ಟಿ ಬರುತ್ತದೆ. ಆಗ ತಿದ್ದುವುದು ಮೇಷ್ಟ್ರ ಕೈಯಲ್ಲೇ ಆಗುವ ಕೆಲಸ. ಅಂಕಪಟ್ಟಿ ಅಚ್ಚಾದ ಮೇಲೆ ಅರ್ಜಿ, ಅಫಿಡವಿಟ್, ಅಲೆದಾಟ. ಎಷ್ಟೋ ಪೋಷಕರು ಓದದೆ ಸಹಿ ಹಾಕಿ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ, ಬೇಜಾರಾಗುತ್ತದೆ. ನಾಳೆ ಶಾಲೆಗೆ ಹೋಗಿ ಪಟ್ಟಿ ಕೇಳಿ. ಮಗುವಿನ ಹೆಸರಷ್ಟೇ ಅಲ್ಲ, ಅಪ್ಪ ಅಮ್ಮನ ಹೆಸರಿನ ಸ್ಪೆಲಿಂಗೂ ಒಂದೊಂದೇ ಅಕ್ಷರ ಓದಿ ನೋಡಿ. ನಮಸ್ಕಾರ.